ನಕ್ಷತ್ರಲೋಕದ ಸಾಮ್ರಾಜ್ಯ, ರೋಮಿನ ನೆರಳು

ನಕ್ಷತ್ರಗಳ ನಡುವೆ ಸಾವಿರಾರು ವರ್ಷ ಆಳಿ ಅಳಿದುಹೋಗುವ ಸಾಮ್ರಾಜ್ಯಗಳ ಕಾದಂಬರಿಗಳನ್ನು ಮಕ್ಕಳ ಕೈಯಲ್ಲಿ ಕಂಡರೆ, ಇವು ಬರೀ ಕಟ್ಟುಕತೆಗಳೆಂದು ಹಿರಿಯರಲ್ಲಿ ಕೆಲವರು ಮೂಗು ಮುರಿಯುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು. ಇಂಥ ಕಥೆಗಳಲ್ಲಿ ಹಳೆಯ ಇತಿಹಾಸವೇ ಹೊಸ ವೇಷ ತೊಟ್ಟು ಬರುತ್ತದೆ. ಆದರೆ ವೇಷ ಎಲ್ಲಿ ಬದಲಾಗಿದೆ ಎಂಬುದನ್ನು ಓದುಗನು ಗುರುತಿಸಬೇಕು.

ಅಮೆರಿಕದ ಐಸಾಕ್ ಅಸಿಮೋವ್ ಅವರ ‘ಫೌಂಡೇಷನ್’ ಕಥೆಗಳನ್ನೇ ನೋಡೋಣ. ಇವುಗಳ ಕಲ್ಪನೆ ಅವರಿಗೆ ಹೊಳೆದದ್ದು 1941ರಲ್ಲಿ. ರೋಮನ್ ಚಕ್ರಾಧಿಪತ್ಯದ ಅವನತಿಯನ್ನು ಕುರಿತು ಎಡ್ವರ್ಡ್ ಗಿಬ್ಬನ್ ಬರೆದ ಇತಿಹಾಸವನ್ನು ಅವರು ಅದಕ್ಕೆ ಮೊದಲೇ ಓದಿದ್ದರು. ತಾವು ಅಲ್ಲಿಂದ ಸಾಲ ಪಡೆದುದನ್ನು ಅವರು ಎಂದೂ ಮುಚ್ಚಿಡಲಿಲ್ಲ.

1945ರಲ್ಲಿ ಪ್ರಕಟವಾದ ಒಂದು ಕಥೆಯಲ್ಲಿ ಬೆಲ್ ರಯೋಸ್ ಎಂಬ ಸೇನಾಪತಿ ಬರುತ್ತಾನೆ. ಕ್ಷೀಣಿಸುತ್ತಿರುವ ಸಾಮ್ರಾಜ್ಯಕ್ಕಾಗಿ ಅವನು ಗೆಲುವಿನ ಮೇಲೆ ಗೆಲುವು ತರುತ್ತಾನೆ. ಆದರೆ ಚಕ್ರವರ್ತಿ ಎರಡನೆಯ ಕ್ಲಿಯಾನ್ ಅವನ ಮೇಲೆ ಸಂಶಯಪಟ್ಟು, ಹಿಂದಕ್ಕೆ ಕರೆಸಿ ಮರಣದಂಡನೆ ವಿಧಿಸುತ್ತಾನೆ. ಇದರ ಕಾರಣವನ್ನು ಕಥೆಯಲ್ಲಿ ಒಬ್ಬ ಮುದುಕ ಬಿಡಿಸಿ ಹೇಳುತ್ತಾನೆ. ಚಕ್ರವರ್ತಿ ದುರ್ಬಲನಾದರೆ ಬಲಿಷ್ಠ ಸೇನಾಪತಿ ದೂರದ ಯುದ್ಧವನ್ನು ಬಿಟ್ಟು ಸಿಂಹಾಸನದ ಕಡೆಗೇ ತಿರುಗುತ್ತಾನೆ. ಚಕ್ರವರ್ತಿ ಬಲಿಷ್ಠನಾದರೆ ಬಲಿಷ್ಠ ಸೇನಾಪತಿಯನ್ನು ಅವನು ಸಹಿಸುವುದಿಲ್ಲ. ಹೇಗಾದರೂ ದಂಡಯಾತ್ರೆ ಅರ್ಧಕ್ಕೇ ನಿಲ್ಲಬೇಕು.

ರಯೋಸನ ಮೂಲ ಬೆಲಿಸಾರಿಯಸ್; ಕ್ಲಿಯಾನನ ಮೂಲ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಜಸ್ಟಿನಿಯನ್. ಬೆಲಿಸಾರಿಯಸ್ 533ರಲ್ಲಿ ಸುಮಾರು 15,000 ಸೈನಿಕರೊಡನೆ ಆಫ್ರಿಕಕ್ಕೆ ಹೋಗಿ ವಾಂಡಲರ ರಾಜ್ಯವನ್ನು ಗೆದ್ದನು. 540ರಲ್ಲಿ ಇಟಲಿಯ ರವೆನ್ನಾ ನಗರವೂ ಅವನ ಕೈಸೇರಿತು. ಅದಕ್ಕೆ ಮುಂಚೆ ಗಾಥರು ಅವನಿಗೆ ಕಿರೀಟವನ್ನೇ ನೀಡಲು ಬಂದಿದ್ದರು. ಅವನು ಒಪ್ಪಿದಂತೆ ನಟಿಸಿ, ನಗರವನ್ನು ಚಕ್ರವರ್ತಿಗೇ ಒಪ್ಪಿಸಿದನು. ಆದರೂ ಸಂಶಯ ಹೋಗಲಿಲ್ಲ. ಅವನನ್ನು ಹಿಂದಕ್ಕೆ ಕರೆಸಲಾಯಿತು. ಅವನು ಹೊರಟ ಮೇಲೆ ಗಾಥರು ತೋಟಿಲನ ನಾಯಕತ್ವದಲ್ಲಿ ಮತ್ತೆ ತಲೆಯೆತ್ತಿದರು.

ಇಲ್ಲಿಯವರೆಗೆ ಕಥೆಗೂ ಇತಿಹಾಸಕ್ಕೂ ಹೊಂದಿಕೆಯಿದೆ. ಮುಂದಿನದು ಬೇರೆ. ಬೆಲಿಸಾರಿಯಸ್‌ನನ್ನು ಕೊಲ್ಲಲಿಲ್ಲ. 562ರಲ್ಲಿ ಒಳಸಂಚಿನ ಆರೋಪ ಹೊತ್ತರೂ ಮರುವರ್ಷ ಅವನಿಗೆ ಮರ್ಯಾದೆ ಮರಳಿ ದೊರೆಯಿತು. ಇನ್ನೂ ದೊಡ್ಡ ವ್ಯತ್ಯಾಸವೊಂದಿದೆ. 541ರಲ್ಲಿ ಈಜಿಪ್ಟಿನಲ್ಲಿ ಕಾಣಿಸಿಕೊಂಡ ಪ್ಲೇಗು ಮರುವರ್ಷ ರಾಜಧಾನಿಗೆ ಹಬ್ಬಿ, ಅಪಾರ ಜನರನ್ನು ಬಲಿತೆಗೆದುಕೊಂಡಿತು. ಪೂರ್ವದಲ್ಲಿ ಪರ್ಷಿಯದ ಯುದ್ಧವೂ ನಡೆದಿತ್ತು. ರಯೋಸನ ಕಥೆಯಲ್ಲಿ ಪ್ಲೇಗಿಗೆ ಸ್ಥಳವಿಲ್ಲ. ಅಲ್ಲಿ ಸಿಂಹಾಸನದ ಸಂಶಯವೊಂದೇ ಎಲ್ಲವನ್ನೂ ನಿರ್ಣಯಿಸುತ್ತದೆ.

ಪತನವು ಗಣಿತದಂತೆ ತಪ್ಪಿಸಲಾಗದ ನಿಯಮವೆಂದು ತೋರಿಸಲು ಅಸಿಮೋವ್ ಆಕಸ್ಮಿಕಗಳನ್ನು ಹೊರಗಿಟ್ಟರು. ಕಥೆಗೆ ಅದು ಬಿಗುವು ತಂದಿತು. ಇತಿಹಾಸಕ್ಕೆ ಮಾತ್ರ ಅದು ಸಲ್ಲದು; ಅಷ್ಟೆಲ್ಲ ಪೆಟ್ಟು ತಿಂದ ಆ ಪೂರ್ವ ಸಾಮ್ರಾಜ್ಯ 1453ರವರೆಗೆ ಉಳಿಯಿತು. ಆದುದರಿಂದ ಮಕ್ಕಳು ಈ ಕಾದಂಬರಿಗಳನ್ನು ಓದಲಿ, ಜೊತೆಗೆ ಜಸ್ಟಿನಿಯನ್ನನ ಕಾಲದ ಇತಿಹಾಸವನ್ನೂ ಓದಲಿ ಎಂಬುದು ನಮ್ಮ ಅಭಿಪ್ರಾಯ. ಲೇಖಕನು ಏನನ್ನು ಎತ್ತಿಕೊಂಡ ಎಂಬುದು ಒಂದು ಪಾಠವಾದರೆ, ಏನನ್ನು ಬಿಟ್ಟ ಎಂಬುದು ಅದಕ್ಕಿಂತ ದೊಡ್ಡ ಪಾಠ.