ಹೆಸರುಂಟು, ವಿಳಾಸವಿಲ್ಲ

ಷೇರುದಾರರು ಕಂಪನಿ ಕಾರ್ಯದರ್ಶಿಗೆ ಬರೆಯುವ ಪತ್ರಗಳಲ್ಲಿ ಎರಡು ಬೇಡಿಕೆ ಸಾಮಾನ್ಯವಾಗಿ ಜೊತೆಯಾಗಿಯೇ ಇರುತ್ತವೆ: ಇತ್ತೀಚಿನ ತ್ರೈಮಾಸಿಕದ ಷೇರು ಹಂಚಿಕೆ ವಿವರ ಕೊಡಿ, ಷೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಯಾರೆಂದು ತಿಳಿಸಿ. ಎರಡೂ ಕೂತಲ್ಲೇ ಸಿಗುವ ಮಾಹಿತಿ. ಆದ್ದರಿಂದ ಇಂಥ ಪತ್ರಕ್ಕೆ ಉತ್ತರ ಬೇಗನೆ ಬರುತ್ತದೆ, ಒಂದೆರಡು ಸಾಲಿನಲ್ಲಿ ಮುಗಿದೂ ಹೋಗುತ್ತದೆ. ಆದರೆ ಕಂಪನಿಯ ಒಡೆತನದಲ್ಲಿ ತನ್ನ ಜೊತೆಗೆ ಇನ್ನಾರಿದ್ದಾರೆ, ಅವರೊಂದಿಗೆ ಮಾತಾಡುವುದು ಹೇಗೆ ಎಂದು ಷೇರುದಾರ ಮುಂದುವರಿದು ಕೇಳಿದರೆ ಬಾಗಿಲು ಮುಚ್ಚುತ್ತದೆ. ಆ ಬಾಗಿಲನ್ನು ಮುಚ್ಚಿದ್ದು 2022ರ ಏಪ್ರಿಲ್‌ನ ಒಂದು ತಿದ್ದುಪಡಿ. ಅದು ತಪ್ಪು ತಿದ್ದುಪಡಿ.

ಬೆಂಗಳೂರಿನ ಉತ್ತರ ಭಾಗದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್. 1954ರಲ್ಲಿ ಆರಂಭವಾದ ಈ ಕಂಪನಿಯ ಕಾರ್ಖಾನೆ ಜಾಲಹಳ್ಳಿಯಲ್ಲಿದೆ. ನೋಂದಾಯಿತ ಕಚೇರಿ ಹೊರ ವರ್ತುಲ ರಸ್ತೆಯ ನಾಗವಾರದಲ್ಲಿ, ಷೇರು ದಾಖಲೆ ನೋಡಿಕೊಂಡು ಬಂದ ಇಂಟಿಗ್ರೇಟೆಡ್ ರಿಜಿಸ್ಟ್ರಿ ಸಂಸ್ಥೆ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ. ಸುಮಾರು 731 ಕೋಟಿ ಷೇರುಗಳಲ್ಲಿ ಶೇ 51.14 ರಾಷ್ಟ್ರಪತಿಯವರ ಹೆಸರಿನಲ್ಲಿ, ಅಂದರೆ ಕೇಂದ್ರ ಸರ್ಕಾರದ ಕೈಯಲ್ಲಿವೆ. ಉಳಿದದ್ದು ಮ್ಯೂಚುವಲ್ ಫಂಡ್‌ಗಳು, ವಿದೇಶಿ ಹೂಡಿಕೆದಾರರು, ವಿಮಾ ಕಂಪನಿಗಳು ಮತ್ತು ಲಕ್ಷಗಟ್ಟಲೆ ಸಾಮಾನ್ಯರಲ್ಲಿ ಹಂಚಿಹೋಗಿದೆ. ಬಿಇಎಲ್ ನಿಯಮ ಮುರಿದಿದೆ ಎಂಬುದು ಇಲ್ಲಿನ ಮಾತಲ್ಲ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೂ ಷೇರುದಾರನ ಕೈಗೆ ಎಷ್ಟು ಸಿಗುತ್ತದೆ ಎಂಬುದನ್ನು ನೋಡಬೇಕಾಗಿದೆ.

ಷೇರು ಹಂಚಿಕೆ ವಿವರವನ್ನು ಪ್ರತಿ ತ್ರೈಮಾಸಿಕ ಮುಗಿದ 21 ದಿನದೊಳಗೆ ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಬೇಕೆಂದು ಸೆಬಿಯ ಲಿಸ್ಟಿಂಗ್ ನಿಯಮಾವಳಿಯ 31ನೆಯ ನಿಯಮ ಹೇಳುತ್ತದೆ. ಸೆಪ್ಟೆಂಬರ್ 30ಕ್ಕೆ ಮುಗಿದ ಅವಧಿಯ ಲೆಕ್ಕ ಅಕ್ಟೋಬರ್ 21ರೊಳಗೆ ಯಾರು ಬೇಕಾದರೂ ನೋಡುವಂತೆ ಬಂದಿರುತ್ತದೆ. ಓದಲು ಬಲ್ಲವರಿಗೆ ಈ ಕೋಷ್ಟಕದಲ್ಲಿ ಸಾಕಷ್ಟು ಸರಕಿದೆ. ಪ್ರವರ್ತಕರು ತಮ್ಮ ಷೇರುಗಳಲ್ಲಿ ಎಷ್ಟನ್ನು ಅಡವಿಟ್ಟಿದ್ದಾರೆ ಎಂಬುದಕ್ಕೆ ಒಂದು ಕಾಲಂ ಇದೆ, ಖಾಸಗಿ ಕಂಪನಿಗಳಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ. ಒಟ್ಟು ಷೇರುಗಳಿಂದ ಡಿಮ್ಯಾಟ್‌ನಲ್ಲಿರುವ ಷೇರುಗಳನ್ನು ಕಳೆದರೆ ಇನ್ನೂ ಕಾಗದದ ಸರ್ಟಿಫಿಕೇಟ್ ರೂಪದಲ್ಲೇ ಉಳಿದವು ಎಷ್ಟೆಂದು ಗೊತ್ತಾಗುತ್ತದೆ.

ಆದರೆ ಸಾರ್ವಜನಿಕರ ವಿಭಾಗದಲ್ಲಿ ಹೆಸರು ಕಾಣುವುದು ಶೇ 1ಕ್ಕಿಂತ ಹೆಚ್ಚು ಪಾಲಿದ್ದವರದ್ದು ಮಾತ್ರ. ಬಿಇಎಲ್‌ನಲ್ಲಿ ಆ ಪಟ್ಟಿಗೆ ಸೇರಲು 7.3 ಕೋಟಿ ಷೇರು ಬೇಕು. ಉಳಿದ ಸಾಮಾನ್ಯರೆಲ್ಲ 'ಮುಖಬೆಲೆಯಲ್ಲಿ 2 ಲಕ್ಷ ರೂಪಾಯಿವರೆಗಿನ ವೈಯಕ್ತಿಕ ಷೇರುದಾರರು' ಎಂಬ ಒಂದು ಸಾಲಿನಲ್ಲಿ ಕರಗಿಹೋಗುತ್ತಾರೆ. ಇಲ್ಲೊಂದು ತಮಾಷೆಯೂ ಇದೆ. ಬಿಇಎಲ್ ಷೇರಿನ ಮುಖಬೆಲೆ 1 ರೂಪಾಯಿ. ಹಾಗಾಗಿ 2 ಲಕ್ಷ ಷೇರು ಇಟ್ಟುಕೊಂಡವರೂ ಈ ಸಣ್ಣವರ ಸಾಲಿಗೇ ಸೇರುತ್ತಾರೆ. ಪೇಟೆಯ ಬೆಲೆ 300 ರೂಪಾಯಿ ಎಂದು ಹಿಡಿದರೂ ಅದು 6 ಕೋಟಿಯ ಆಸ್ತಿ!

ಎರಡನೆಯ ಬೇಡಿಕೆ ರಿಜಿಸ್ಟ್ರಾರ್ ಕುರಿತದ್ದು. ಇದನ್ನು ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ ಎಂದು ತಿಳಿದು ಅಲ್ಲಿಗೆ ಅರ್ಜಿ ಹಾಕುವವರಿದ್ದಾರೆ. ಅದು ಸರ್ಕಾರದ ಕಚೇರಿ, ಅಲ್ಲಿ ಷೇರುದಾರರ ಫೋಲಿಯೊ ಇರುವುದಿಲ್ಲ. ಬೇಕಾದದ್ದು ಕಂಪನಿ ನೇಮಿಸಿಕೊಂಡ ರಿಜಿಸ್ಟ್ರಾರ್ ಮತ್ತು ಷೇರು ವರ್ಗಾವಣೆ ಏಜೆಂಟ್. ಹೆಸರು, ಸಹಿ, ಬ್ಯಾಂಕ್ ಖಾತೆ, ನಾಮಿನಿ ಎಲ್ಲವೂ ಇರುವುದು ಅವರ ಹತ್ತಿರ.

ಹಳೆಯ ಫೋಲಿಯೊ ಒಂದನ್ನು ತೆಗೆದುಕೊಂಡರೆ ಇದರ ತೂಕ ಅರಿವಾಗುತ್ತದೆ. ವಿದ್ಯಾರಣ್ಯಪುರದ ಬಿಇಎಲ್ ಬಡಾವಣೆಯ ಒಂದು ಮನೆಯ ಬೀರುವಿನಲ್ಲಿ 10 ರೂಪಾಯಿ ಮುಖಬೆಲೆಯ 100 ಷೇರುಗಳ ಸರ್ಟಿಫಿಕೇಟ್ ಇದೆ ಎಂದುಕೊಳ್ಳೋಣ. 2015ರಲ್ಲಿ ಒಂದಕ್ಕೆ ಎರಡರಂತೆ ಬೋನಸ್ ಬಂತು, 100 ಷೇರು 300 ಆಯಿತು. 2017ರ ಮಾರ್ಚ್‌ನಲ್ಲಿ ಮುಖಬೆಲೆಯನ್ನು 1 ರೂಪಾಯಿಗೆ ಒಡೆದಾಗ ಅದೇ 3,000. ಅದೇ ವರ್ಷ ಹತ್ತಕ್ಕೆ ಒಂದು ಬೋನಸ್ ಸೇರಿ 3,300. 2022ರಲ್ಲಿ ಮತ್ತೆ ಒಂದಕ್ಕೆ ಎರಡು ಬೋನಸ್, ಒಟ್ಟು 9,900. ಬೀರುವಿನ ಕಾಗದದ ಮೇಲೆ ಮಾತ್ರ ಇಂದಿಗೂ 100 ಎಂದೇ ಇದೆ. ವಿಳಾಸ ಬದಲಾಗಿ ಅಂಚೆ ಹಿಂದಿರುಗಿದ್ದರೆ ಬೋನಸ್ ಷೇರುಗಳು ಕಂಪನಿಯ ಸಸ್ಪೆನ್ಸ್ ಖಾತೆಯಲ್ಲಿರಬಹುದು. 7 ವರ್ಷ ಸತತವಾಗಿ ಡಿವಿಡೆಂಡ್ ನಗದಾಗದಿದ್ದರೆ ಷೇರುಗಳೇ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಇವುಗಳಲ್ಲಿ ಯಾವುದು ಆಗಿದೆ ಎಂದು ಹೇಳಬಲ್ಲವರು ರಿಜಿಸ್ಟ್ರಾರ್. ಆದ್ದರಿಂದ ಅವರ ವಿಳಾಸ ಕೇಳಿ ಸುಮ್ಮನಾಗುವ ಪತ್ರ ಅರ್ಧ ಪತ್ರ. 'ಈ ಫೋಲಿಯೊದಲ್ಲಿ ಇಂದು ಎಷ್ಟು ಷೇರುಗಳಿವೆ, ಯಾವ ಖಾತೆಯಲ್ಲಿವೆ, ಪಾವತಿಯಾಗದ ಡಿವಿಡೆಂಡ್ ಯಾವ ಯಾವ ವರ್ಷದ್ದು' ಎಂದು ಬರೆದು ಕೇಳಬೇಕು.

ಇಂಥ ಮಲಗಿದ ಫೋಲಿಯೊಗಳ ಮೇಲೆ ಕಣ್ಣಿಡುವವರೂ ಇರುತ್ತಾರೆ. ಮುಂಬೈನ ಶೇರ್‌ಪ್ರೊ ಸರ್ವಿಸಸ್ ಎಂಬ ರಿಜಿಸ್ಟ್ರಾರ್ ಸಂಸ್ಥೆಯ ವಿರುದ್ಧ ಸೆಬಿ 2016ರ ಮಾರ್ಚ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿತು. ವರ್ಷಗಟ್ಟಲೆ ವಿಚಾರಿಸದ ಷೇರುದಾರರ ಷೇರುಗಳೂ ಡಿವಿಡೆಂಡ್ ಹಣವೂ ಸಂಬಂಧವೇ ಇಲ್ಲದವರ ಪಾಲಾಗಿದ್ದವು ಎಂಬುದು ಅದರ ತಿರುಳು. ದಾಖಲೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಬರೀ ಔಪಚಾರಿಕವಲ್ಲ ಎಂದು ತಿಳಿಯಲು ಇದೊಂದು ಪ್ರಕರಣ ಸಾಕು.

ವಿವಾದ ಶುರುವಾಗುವುದು ಮೂರನೆಯ ದಾಖಲೆಯಲ್ಲಿ. ಅದು ಸದಸ್ಯರ ರಿಜಿಸ್ಟರ್, ಅಂದರೆ ಷೇರುದಾರರ ಪೂರ್ತಿ ಪಟ್ಟಿ. 2013ರ ಕಂಪನಿ ಕಾಯ್ದೆಯ 94ನೆಯ ಸೆಕ್ಷನ್ ಮತ್ತು ಕಾಯ್ದೆಯಡಿಯ ನಿಯಮಾವಳಿಯ 14ನೆಯ ನಿಯಮದ ಪ್ರಕಾರ ಯಾವುದೇ ಸದಸ್ಯ ಇದನ್ನು ಶುಲ್ಕವಿಲ್ಲದೆ ನೋಡಬಹುದು, ಕೆಲಸದ ದಿನ ಕನಿಷ್ಠ 2 ಗಂಟೆ ಇದಕ್ಕೆ ತೆರೆದಿರಬೇಕು. ಪ್ರತಿ ಬೇಕೆಂದರೆ ಪುಟಕ್ಕೆ 10 ರೂಪಾಯಿ ಮೀರದ ಶುಲ್ಕ, ಹಣ ಕಟ್ಟಿದ 7 ದಿನದಲ್ಲಿ ಕೊಡಬೇಕು. ನಿರಾಕರಿಸಿದರೆ ದಿನಕ್ಕೆ 1,000 ರೂಪಾಯಿಯಂತೆ 1 ಲಕ್ಷದವರೆಗೆ ದಂಡ. ಕೇಳಲು ಚೆನ್ನಾಗಿದೆ. ಆದರೆ 20 ಲಕ್ಷ ಹೆಸರುಗಳ ಪಟ್ಟಿಯನ್ನು ಪುಟಕ್ಕೆ 40ರಂತೆ ಮುದ್ರಿಸಿದರೆ 50,000 ಪುಟ, ಪ್ರತಿಗೆ 5 ಲಕ್ಷ ರೂಪಾಯಿ. ದೊಡ್ಡ ಕಂಪನಿಗಳಲ್ಲಿ ಈ ಹಕ್ಕು ಮೊದಲೇ ಬಡಕಲಾಗಿತ್ತು.

2022ರ ಏಪ್ರಿಲ್ 6ರ ತಿದ್ದುಪಡಿ ಅದರ ಉಸಿರನ್ನೇ ತೆಗೆಯಿತು. ಸದಸ್ಯರ ವಿಳಾಸ, ಇ-ಮೇಲ್, ಪ್ಯಾನ್ ಮತ್ತು ವಿಶಿಷ್ಟ ಗುರುತಿನ ಸಂಖ್ಯೆಯನ್ನು ಪರಿಶೀಲನೆಗೂ ಪ್ರತಿಗೂ ಕೊಡಬಾರದೆಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 14ನೆಯ ನಿಯಮಕ್ಕೆ ಸೇರಿಸಿತು. ಪ್ಯಾನ್ ಮುಚ್ಚಿಟ್ಟದ್ದು ಸರಿ, ಅದು ಅಲ್ಲಿ ಕಾಣಬೇಕಾದದ್ದೇ ಅಲ್ಲ. ಆದರೆ ವಿಳಾಸವೂ ಇ-ಮೇಲೂ ಇಲ್ಲದ ಮೇಲೆ ಉಳಿಯುವುದು ಹೆಸರುಗಳ ರಾಶಿ ಮಾತ್ರ. ಬೆಂಗಳೂರಿನ ಕಂಪನಿಯೊಂದರ ರಿಜಿಸ್ಟರಿನಲ್ಲಿ ಎಷ್ಟು ಮಂದಿ ಮಂಜುನಾಥರು ಸಿಗಬಹುದು!

ಇದರ ಪರಿಣಾಮ ಕಾಯ್ದೆಯ ಬೇರೆ ಕಡೆಗಳಲ್ಲಿ ಎದ್ದು ಕಾಣುತ್ತದೆ. ಸಣ್ಣ ಷೇರುದಾರರು ಮಂಡಳಿಗೆ ತಮ್ಮ ನಿರ್ದೇಶಕನೊಬ್ಬನನ್ನು ಕಳಿಸಲು 151ನೆಯ ಸೆಕ್ಷನ್ ಅವಕಾಶ ಕೊಟ್ಟಿದೆ. ಅಲ್ಲಿ ಸಣ್ಣ ಷೇರುದಾರ ಎಂದರೆ ಮುಖಬೆಲೆಯಲ್ಲಿ 20,000 ರೂಪಾಯಿ ಮೀರದಷ್ಟು ಷೇರುಳ್ಳವರು. ಮೇಲಿನ 9,900 ಷೇರುಗಳ ಕುಟುಂಬವೂ ಈ ಲೆಕ್ಕದಲ್ಲಿ ಸಣ್ಣದೇ. ಲಿಸ್ಟಾದ ಕಂಪನಿಗೆ ಇಂಥ ನೋಟಿಸ್ ಕೊಡಲು 1,000 ಸಣ್ಣ ಷೇರುದಾರರು ಅಥವಾ ಅವರ ಒಟ್ಟು ಸಂಖ್ಯೆಯ ಹತ್ತನೇ ಒಂದು ಭಾಗ, ಯಾವುದು ಕಡಿಮೆಯೋ ಅಷ್ಟು ಮಂದಿ ಬೇಕು. ಆ ನೋಟಿಸಿನಲ್ಲಿ ಪ್ರತಿಯೊಬ್ಬರ ಹೆಸರು, ವಿಳಾಸ, ಷೇರು ಸಂಖ್ಯೆ, ಫೋಲಿಯೊ ಇರಲೇಬೇಕು. ಒಂದು ನಿಯಮ ಸಾವಿರ ವಿಳಾಸ ತಾ ಎನ್ನುತ್ತದೆ, ಇನ್ನೊಂದು ಒಂದು ವಿಳಾಸವನ್ನೂ ತೋರಿಸುವುದಿಲ್ಲ. ಸದಸ್ಯರ ಠರಾವನ್ನು ಕಂಪನಿಯ ಮೂಲಕವೇ ಎಲ್ಲರಿಗೂ ಕಳಿಸಿಕೊಳ್ಳಬಹುದಲ್ಲ ಎಂದರೆ, 111ನೆಯ ಸೆಕ್ಷನ್ ಅದಕ್ಕೂ ಸಭೆ ಕರೆಸಲು ಬೇಕಾದಷ್ಟೇ ಬಲ ಕೇಳುತ್ತದೆ. ಅದು ಷೇರು ಬಂಡವಾಳದ ಹತ್ತನೇ ಒಂದು ಭಾಗ, ಬಿಇಎಲ್ ಗಾತ್ರದ ಕಂಪನಿಯಲ್ಲಿ 73 ಕೋಟಿ ಷೇರು. ಸರ್ಕಾರಿ ಕಂಪನಿಗೆ ನಿರ್ದೇಶಕರನ್ನು ನೇಮಿಸುವುದು ಸರ್ಕಾರವೇ ಆದ್ದರಿಂದ ಅಲ್ಲಿ ಪೆಟ್ಟು ಅಷ್ಟಾಗಿ ಕಾಣದಿರಬಹುದು. ಪ್ರವರ್ತಕ ಕುಟುಂಬದ ಹಿಡಿತದಲ್ಲಿರುವ ಕಂಪನಿಗಳಲ್ಲಿ ಇದು ಪ್ರವರ್ತಕರಿಗೆ ಕೊಟ್ಟ ಉಡುಗೊರೆ. ಅವರ ಬಳಿ ಎಲ್ಲರ ವಿಳಾಸವೂ ಇದೆ, ಮತ ಕೇಳಿ ಬರೆಯಲು ಕಂಪನಿಯ ಖರ್ಚೂ ಇದೆ.

ತಿದ್ದುಪಡಿಯ ಪರ ಇರುವ ವಾದ ಖಾಸಗಿತನದ್ದು. ಅದನ್ನು ತಳ್ಳಿಹಾಕುವಂತಿಲ್ಲ. ರಿಜಿಸ್ಟರ್ ನಕಲು ಮಾಡಿಕೊಂಡು ವಯಸ್ಸಾದವರಿಗೆ ಫೋನ್ ಮಾಡಿ ಕಡಿಮೆ ಬೆಲೆಗೆ ಷೇರು ಬರೆಸಿಕೊಳ್ಳುವವರು, ನಿಧಿಗೆ ಹೋದ ಷೇರು ಬಿಡಿಸಿಕೊಡುತ್ತೇವೆಂದು ಪಾಲು ಕೇಳುವವರು ಇದ್ದೇ ಇದ್ದಾರೆ. ಆದರೆ ಆ ಭಯ ನಿಜವಾದುದಾದರೆ 124ನೆಯ ಸೆಕ್ಷನ್ ಅನ್ನು ಮೊದಲು ತಿದ್ದಬೇಕಿತ್ತು. ಡಿವಿಡೆಂಡ್ ಪಡೆಯದವರ ಹೆಸರು, ಕೊನೆಗೆ ತಿಳಿದ ವಿಳಾಸ, ಬರಬೇಕಾದ ಹಣ ಮೂರನ್ನೂ ಕಂಪನಿ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಆ ಸೆಕ್ಷನ್ ಆಜ್ಞೆ ಮಾಡುತ್ತದೆ. ದಲ್ಲಾಳಿಗಳಿಗೆ ಬೇಕಾದದ್ದು ಇದೇ ಪಟ್ಟಿ. ಸಂಪರ್ಕ ತಪ್ಪಿದ, ಮೋಸಕ್ಕೆ ಸುಲಭವಾಗಿ ಸಿಕ್ಕುವ ಷೇರುದಾರರ ವಿಳಾಸ ಊರಿಗೆಲ್ಲ ಬಯಲು. ಜೊತೆಗಾರ ಷೇರುದಾರ ಕೇಳಿದರೆ ಮಾತ್ರ ಖಾಸಗಿತನ ನೆನಪಾಗುತ್ತದೆ.

ಎರಡನ್ನೂ ಉಳಿಸುವ ದಾರಿ ಹೊರಗೆ ಎಂದೋ ಇದೆ. ಬ್ರಿಟನ್ನಿನ 2006ರ ಕಂಪನಿ ಕಾಯ್ದೆಯಲ್ಲಿ ಪಟ್ಟಿ ಕೇಳುವವರು ಉದ್ದೇಶ ಹೇಳಬೇಕು. ಕಂಪನಿ 5 ಕೆಲಸದ ದಿನಗಳಲ್ಲಿ ಕೊಡಬೇಕು, ಉದ್ದೇಶ ಸರಿಯಲ್ಲವೆನಿಸಿದರೆ ಅದೇ ಅವಧಿಯಲ್ಲಿ ನ್ಯಾಯಾಲಯಕ್ಕೆ ಹೋಗಬೇಕು. ಅಮೆರಿಕದಲ್ಲಿ ಷೇರುದಾರ ಇತರರಿಂದ ಮತ ಕೋರಲು ಹೊರಟರೆ ಕಂಪನಿ ಪಟ್ಟಿ ಕೊಡಬೇಕು, ಇಲ್ಲವೇ ಕೇಳಿದವರ ಖರ್ಚಿನಲ್ಲಿ ಅವರ ಪತ್ರವನ್ನು ತಾನೇ ಕಳಿಸಬೇಕು. ಈ ಎರಡನೆಯ ಪದ್ಧತಿ ಇಲ್ಲಿಗೆ ಹೆಚ್ಚು ಒಗ್ಗುತ್ತದೆ. ವಾರ್ಷಿಕ ವರದಿ, ಸಭೆಯ ನೋಟಿಸ್, ಮತದಾನದ ಲಿಂಕ್ ಎಲ್ಲವೂ ಇ-ಮೇಲ್‌ನಲ್ಲಿ ಹೋಗುವ ಕಾಲದಲ್ಲಿ ಒಬ್ಬ ಷೇರುದಾರನ ಒಂದು ಪುಟದ ಪತ್ರವನ್ನು ಉಳಿದವರಿಗೆ ದಾಟಿಸುವುದು ರಿಜಿಸ್ಟ್ರಾರ್‌ಗೆ ದೊಡ್ಡ ಕೆಲಸವೇನಲ್ಲ. ಯಾರ ವಿಳಾಸವೂ ಯಾರಿಗೂ ಕಾಣುವುದಿಲ್ಲ, ಉತ್ತರಿಸಬೇಕೆನಿಸಿದವರು ಉತ್ತರಿಸುತ್ತಾರೆ. ಪತ್ರದ ಗಾತ್ರಕ್ಕೆ ಮಿತಿ, ವರ್ಷಕ್ಕೆ ಇಷ್ಟೇ ಬಾರಿ ಎಂಬ ಮಿತಿ, ಮಾನಹಾನಿ ಮತ್ತು ಮಾರಾಟದ ಪತ್ರಗಳಿಗೆ ನಿಷೇಧ ಇಟ್ಟುಕೊಳ್ಳಬಹುದು. ಇದಕ್ಕೆ ಸಂಸತ್ತು ಹೊಸ ಕಾಯ್ದೆ ಮಾಡುವವರೆಗೆ ಕಾಯಬೇಕಾಗಿಲ್ಲ. 14ನೆಯ ನಿಯಮಕ್ಕೆ ಇನ್ನೊಂದು ಉಪನಿಯಮ ಸೇರಿಸುವ ಅಧಿಸೂಚನೆ ಸಾಕು, 2022ರ ನಿರ್ಬಂಧ ಬಂದದ್ದೂ ಅಧಿಸೂಚನೆಯ ಮೂಲಕವೇ.