ಇರುಳಿನ ಪಾಳಿ

ಕಾಸರಗೋಡಿನ ಸಮೀಪದ ಓದುಗರೊಬ್ಬರು ತಮ್ಮ ಪತ್ನಿಗೆ ಮೊಬೈಲಿನಲ್ಲಿ ಬರೆದ ಸಂದೇಶವೊಂದನ್ನು, ಅವರಿಬ್ಬರ ಒಪ್ಪಿಗೆ ಪಡೆದು, ಈ ವಾರ ಇಲ್ಲಿ ಕೊಡುತ್ತಿದ್ದೇವೆ. ಆಕೆ ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆ. ಹೆರಿಗೆ ರಜೆ ಮುಗಿದು ಸೋಮವಾರದಿಂದ ಶಾಲೆಗೆ ಹೋಗಬೇಕು. ಅವರು ಶಾಲಾ ವ್ಯಾನಿನ ಚಾಲಕ. ಮಗುವಿಗೆ ಐದು ತಿಂಗಳು. ಹಗಲು ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಅಜ್ಜಿ ಇದ್ದಾರೆ. ಆದರೆ ಇರುಳಿನಲ್ಲಿ ನೆರವಾಗುತ್ತಿದ್ದ ಆಕೆಯ ತಾಯಿ ಹದಿನೈದು ದಿನಗಳ ಮಟ್ಟಿಗೆ ಊರಿಗೆ ತೆರಳಿದ್ದಾರೆ. ಸಂದೇಶ ಹೀಗಿದೆ:

“ನಡುರಾತ್ರಿ ಮಾತನಾಡಿದರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಮಗು ಹನ್ನೊಂದೂವರೆಗೆ, ಎರಡಕ್ಕೆ, ನಾಲ್ಕೂವರೆಗೆ ಏಳುತ್ತಾನೆ. ಈಗ ಮೂರು ಸಲವೂ ಇಬ್ಬರೂ ಏಳುತ್ತಿದ್ದೇವೆ, ಯಾರಿಗೂ ನಿದ್ದೆಯಿಲ್ಲ. ಇನ್ನು ರಾತ್ರಿಯನ್ನು ಎರಡು ಪಾಳಿ ಮಾಡೋಣ.

ಒಂಬತ್ತಕ್ಕೆ ನೀನು ಹಾಲೂಡಿಸಿ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗು. ಎರಡು ಗಂಟೆಯವರೆಗೆ ಮಗು ಚಾವಡಿಯಲ್ಲಿ ನನ್ನ ಬಳಿ ಇರಲಿ. ನೀನು ಬೆಳಗ್ಗೆ ಹಿಂಡಿ ಫ್ರಿಜ್‌ನಲ್ಲಿಟ್ಟ ಹಾಲನ್ನು ಹನ್ನೊಂದೂವರೆಗೆ ನಾನು ಒಳಲೆಯಲ್ಲಿ ಕುಡಿಸುತ್ತೇನೆ. ತೇಗಿಸುವುದು, ಬಟ್ಟೆ ಬದಲಿಸುವುದು ನನ್ನದು. ಎರಡಕ್ಕೆ ಮಗುವನ್ನು ನಿನ್ನ ಬಳಿ ಬಿಟ್ಟು ನಾನು ಆರೂಕಾಲರವರೆಗೆ ಮಲಗುತ್ತೇನೆ.

ನಿನಗೆ ಐದು ಗಂಟೆ, ನನಗೆ ನಾಲ್ಕೂಕಾಲು. ಇದು ಅನ್ಯಾಯವಲ್ಲ. ಬೆಳಗಿನ ಓಡಾಟ ಮುಗಿದ ಮೇಲೆ ನನ್ನ ವ್ಯಾನು ಮೂರರವರೆಗೆ ನಿಂತಿರುತ್ತದೆ; ಹಗಲು ಒಂದೂವರೆ ಗಂಟೆ ನಾನು ಮಲಗಬಲ್ಲೆ. ನಿನಗೆ ತರಗತಿಯಲ್ಲಿ ಆ ಅವಕಾಶವಿಲ್ಲ. ಆದರೆ ಆ ಹಗಲು ನಿದ್ದೆಯನ್ನು ಬೇರೆ ಕೆಲಸಕ್ಕೆ ಕಸಿದುಕೊಳ್ಳಬೇಡ. ಮಕ್ಕಳನ್ನು ಕೂರಿಸಿಕೊಂಡು ತೂಕಡಿಸಲಾಗದು. ಶನಿವಾರ ಬೆಳಗ್ಗೆ ಎಂಟರವರೆಗೆ ನೀನು ಮಲಗು, ಭಾನುವಾರ ನಾನು.

ಇಪ್ಪತ್ತು ನಿಮಿಷ ಸಂತೈಸಿದರೂ ಅಳು ನಿಲ್ಲದಿದ್ದರೆ ಮಾತ್ರ ನಿನ್ನನ್ನು ಎಬ್ಬಿಸುತ್ತೇನೆ. ಜ್ವರ ಬಂದರೆ, ಹಾಲು ಬೇಡವೆಂದರೆ, ಉಸಿರು ಜೋರಾದರೆ ಪಾಳಿಯ ಮಾತೇ ಇಲ್ಲ. ಇಬ್ಬರೂ ಎದ್ದು ಆಸ್ಪತ್ರೆಗೆ ಹೋಗೋಣ. ಐದನೆಯ ದಿನ ಕುಳಿತು ನೋಡೋಣ. ನಿನಗೆ ಸರಿಬಾರದುದನ್ನು ತಿದ್ದು.”

ಈ ಯೋಜನೆಯಲ್ಲಿ ಗಮನಿಸಬೇಕಾದುದು ಅದರ ಲೆಕ್ಕಾಚಾರ. ‘ನಾನು ಎರಡು ಸಲ ಎದ್ದೆ, ನೀವು ಒಂದೇ ಸಲ’ ಎಂಬ ಎಣಿಕೆಯನ್ನು ಇವರು ಕೈಬಿಟ್ಟಿದ್ದಾರೆ. ತುಂಡುತುಂಡಾದ ಏಳು ಗಂಟೆಗಳ ನಿದ್ದೆ ಅಷ್ಟೇ ಹೊತ್ತಿನ ಅಖಂಡ ನಿದ್ದೆಗೆ ಸಮನಲ್ಲ. ಆದುದರಿಂದ ಒಬ್ಬೊಬ್ಬರಿಗೂ ಒಡೆಯದ ನಿದ್ದೆ ಎಷ್ಟು ದೊರೆಯಿತು ಎಂಬುದನ್ನೇ ಅಳತೆಯಾಗಿ ಹಿಡಿದಿದ್ದಾರೆ.

ತಾಯಿಯ ಹಾಲೇ ಆಹಾರವಾಗಿರುವಾಗ ತಂದೆ ಇರುಳಿನಲ್ಲಿ ಮಾಡಬಹುದಾದುದೇನು ಎಂದು ಹಲವರು ಕೇಳುತ್ತಾರೆ. ಹಿಂಡಿದ ಹಾಲು ಅದಕ್ಕೆ ದಾರಿ. ಮುಚ್ಚಿದ ಶುದ್ಧ ಪಾತ್ರೆಯಲ್ಲಿ ಫ್ರಿಜ್‌ನ ಒಳಭಾಗದಲ್ಲಿಟ್ಟರೆ ಅದು ನಾಲ್ಕು ದಿನ ಕೆಡದು. ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಇಡಬಾರದು, ಸೆಕೆಗಾಲದಲ್ಲಿ ಇನ್ನೂ ಬೇಗ ಬಳಸಬೇಕು. ಒಲೆಯ ಮೇಲಿಟ್ಟು ಕಾಯಿಸದೆ, ಬಿಸಿನೀರಿನ ಬಟ್ಟಲಲ್ಲಿ ಪಾತ್ರೆಯನ್ನಿಟ್ಟು ಬೆಚ್ಚಗಾಗಿಸಬೇಕು. ಮಗು ಕುಡಿದು ಉಳಿಸಿದುದನ್ನು ಎರಡು ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಬೇಕು. ಒಳಲೆಯನ್ನು ಕುದಿಸಿ ತೊಳೆದಿರಬೇಕು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಬೇಕು. ಹೊಸ ರೂಢಿಯಾದ್ದರಿಂದ ಒಂದೆರಡು ದಿನ ಹಗಲಿನಲ್ಲಿಯೇ ಅಭ್ಯಾಸ ಮಾಡಿಸುವುದು ಲೇಸು.

ಇದಕ್ಕೆ ಒಂದು ಮಿತಿಯೂ ಇದೆ. ತಾಯಿಯನ್ನು ಇಡೀ ರಾತ್ರಿ ಬಿಡುವಾಗಿ ಮಲಗಿಸುವುದು ಉಪಕಾರದಂತೆ ತೋರಿದರೂ, ಹಾಲು ಕಟ್ಟಿಕೊಂಡು ಎದೆ ಗಟ್ಟಿಯಾಗಿ ನೋಯುತ್ತದೆ. ದಿನವೂ ಹೀಗಾದರೆ ಹಾಲಿನ ಉತ್ಪತ್ತಿಯೇ ಇಳಿಯುತ್ತದೆ. ಐದು ಗಂಟೆಯ ಅಂತರದಲ್ಲಿಯೂ ನೋವಾದರೆ ಹಿತವಾಗುವಷ್ಟು ಮಾತ್ರ ಹಿಂಡಿ ಮತ್ತೆ ಮಲಗಬಹುದು.

ಇಂಥ ಯೋಜನೆ ಹೆಚ್ಚಾಗಿ ಮುರಿಯುವುದು ಸಣ್ಣ ಕಾರಣಗಳಿಂದ. ‘ಬಟ್ಟೆ ಎಲ್ಲಿದೆ’ ಎಂದು ಕೇಳಲು ಹೆಂಡತಿಯನ್ನು ಎಬ್ಬಿಸಿದರೆ ಪಾಳಿಗೆ ಅರ್ಥವಿಲ್ಲ. ಬೇಕಾದುದೆಲ್ಲ ಸಂಜೆಯೇ ಒಂದು ಬುಟ್ಟಿಯಲ್ಲಿರಬೇಕು. ಅಳು ಕೇಳಿದೊಡನೆ ತಾಯಿ ಎದ್ದು ಬಂದರೂ ಪಾಳಿ ಮುರಿದಂತೆಯೇ. ಪಾಳಿಯಲ್ಲಿರುವವರು ಮಗುವನ್ನೆತ್ತಿಕೊಂಡು ಆರಾಮಕುರ್ಚಿಯಲ್ಲಿ ನಿದ್ದೆಹೋಗುವುದಂತೂ ಅಪಾಯ. ಕಣ್ಣು ಎಳೆಯತೊಡಗಿದರೆ ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು.

ಐದನೆಯ ದಿನದ ಮಾತುಕತೆಯಲ್ಲಿ ಅವರು ಒಂದೇ ತಿದ್ದುಪಡಿ ಮಾಡಿಕೊಂಡರಂತೆ. ಆಕೆಗೆ ಒಂಬತ್ತಕ್ಕೆ ನಿದ್ದೆ ಹತ್ತುತ್ತಿರಲಿಲ್ಲ, ಹತ್ತಾಗುತ್ತಿತ್ತು. ಆದ್ದರಿಂದ ಪಾಳಿ ಬದಲಾಗುವ ಹೊತ್ತನ್ನು ಎರಡೂವರೆಗೆ ತಳ್ಳಿದರು. ಎರಡರ ಹಾಲನ್ನೂ ಒಳಲೆಯಲ್ಲಿ ಕುಡಿಸುವುದು ತಂದೆಯ ಪಾಲಿಗೆ ಬಂತು. ಕಳೆದುಕೊಂಡ ಅರ್ಧ ಗಂಟೆಯನ್ನು ಅವರು ಹಗಲಿನ ನಿದ್ದೆಗೆ ಸೇರಿಸಿಕೊಂಡರು.