ಮೊದಲು ಹೆಸರು ಬರೆಯಿರಿ, ಆಮೇಲೆ ಮಾರ್ಕ್ಸ್ ಹಾಕಿ

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ತಾಲ್ಲೂಕಿನ ಒಂದು ಕೆರೆಯ ತೂಬು ಕೆಟ್ಟು, ನೀರು ಹಗಲೂ ರಾತ್ರಿ ಹಳ್ಳಕ್ಕೆ ಹರಿದು ಹೋಗುತ್ತಿತ್ತು. ಒಂದು ದಿನ ಪೂರ್ತಿ ಅಲ್ಲೇ ಇದ್ದು ವಿಡಿಯೊ ಮಾಡಿದೆ. ಮಾರನೇ ದಿನ ಮಧ್ಯಾಹ್ನಕ್ಕೆ ಮೂರು ನಿಮಿಷದ ಸುದ್ದಿ ಕಳಿಸಬೇಕಿತ್ತು. ಕಳಿಸಿದೆ, ಬಂತು. ವಾರ ಕಳೆದ ಮೇಲೆ ಆ ಊರಿನ ನೀರಗಂಟಿ ತಾತ ಬಸ್ ಸ್ಟಾಂಡಿನಲ್ಲಿ ಸಿಕ್ಕು ಕೇಳಿದರು: "ಎಲ್ಲಾ ಬಂತು ಕಣಪ್ಪ, ನಾನು ಹೇಳಿದ್ದೇ ಬರ್ಲಿಲ್ವಲ್ಲ?"

ಮನೆಗೆ ಬಂದು ಹುಡುಕಿದೆ. ತಾತ ಹೇಳಿದ್ದು ಹೀಗಿತ್ತು: "ನಮ್ಮಪ್ಪ ತೂಬು ಎತ್ತಿದ್ರೆ ಕೊನೇ ಗದ್ದೆವರೆಗೂ ನೀರು ಹೋಗೋದು. ಈಗ ಎತ್ತೋದೂ ಬೇಡ, ಇಳಿಸೋದೂ ಬೇಡ. ಅದ್ರ ಪಾಡಿಗೆ ಅದು ಹರ್ಕೊಂಡು ಹೋಯ್ತದೆ." ಇಡೀ ಸುದ್ದಿಯ ಜೀವ ಆ ಹನ್ನೆರಡು ಸೆಕೆಂಡಿನಲ್ಲಿತ್ತು. ಅದನ್ನು ನಾನು ಶೂಟ್ ಮಾಡಿದ್ದೆ. ಎಡಿಟಿಂಗಿನಲ್ಲಿ ಮಾತ್ರ ಆ ಕ್ಲಿಪ್ ತೆಗೆದೇ ನೋಡಿರಲಿಲ್ಲ.

ಯಾಕೆ ನೋಡಲಿಲ್ಲ ಅಂದರೆ, ಅದಕ್ಕೆ ನಾನೇ ಕೆರೆ ಏರಿಯ ಮೇಲೆ ನಿಂತು NG ಎಂದು ಬರೆದಿದ್ದೆ. ಕೆಲವು ನ್ಯೂಸ್ ಕ್ಯಾಮೆರಾಗಳಲ್ಲಿ ಪ್ರತಿ ಕ್ಲಿಪ್ಪಿಗೂ OK, NG, KP ಎಂಬ ಗುರುತು ಹಾಕಬಹುದು. OK ಎಂದರೆ ಚೆನ್ನಾಗಿದೆ, NG ಎಂದರೆ ಬೇಡ, KP ಎಂದರೆ ಇಟ್ಟುಕೊಂಡಿರು. ನನ್ನ ಕ್ಯಾಮೆರಾದಲ್ಲಿ ಆ ಗುಂಡಿ ಇಲ್ಲ, ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ತಾತ ಮೊದಲ ಸಲ ಮಾತಾಡುವಾಗ ಟ್ರ್ಯಾಕ್ಟರ್ ಹಾದುಹೋಯಿತು. "ತಾತ, ಇನ್ನೊಂದ್ಸಲ ಹೇಳ್ತೀರಾ?" ಅಂದೆ. ಎರಡನೇ ಸಲ ಸೌಂಡ್ ಸ್ವಚ್ಛವಾಗಿ ಬಂತು. ಮೊದಲನೇ ಟೇಕಿಗೆ NG, ಎರಡನೆಯದಕ್ಕೆ OK ಬರೆದು ಮುಂದೆ ಹೋದೆ. ರಾತ್ರಿ OK ಇದ್ದದ್ದನ್ನು ಮಾತ್ರ ತೆಗೆದು ಜೋಡಿಸಿದೆ.

ಎರಡನೇ ಟೇಕಿನಲ್ಲಿ ತಾತ ನನಗೆ ಬೇಕಾದ ಉತ್ತರವನ್ನು ಚಿಕ್ಕದಾಗಿ ಒಪ್ಪಿಸಿದ್ದರು. ಅಪ್ಪನ ಮಾತು ಬಂದದ್ದು ಮೊದಲನೆಯದರಲ್ಲಿ, ಅದೂ ಟ್ರ್ಯಾಕ್ಟರ್ ದೂರ ಹೋದ ಮೇಲೆ. ಸಂದರ್ಶನದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಮೊದಲ ಸಲ ಜನ ನಮ್ಮ ಮುಖ ನೋಡಿ ಮಾತಾಡುತ್ತಾರೆ, ಎರಡನೇ ಸಲ ಕ್ಯಾಮೆರಾಗೆ ಹೇಳುತ್ತಾರೆ.

ಇದರಿಂದ ನಾನು ಕಲಿತದ್ದನ್ನೇ ವಾದವಾಗಿ ಇಡುತ್ತೇನೆ. ಲೇಬಲ್ ಬೇರೆ, ಮಾರ್ಕ್ಸ್ ಬೇರೆ. ಕ್ಲಿಪ್ಪಿನಲ್ಲಿ ಯಾರಿದ್ದಾರೆ, ಏನು ಹೇಳಿದರು, ಏನು ಕಾಣುತ್ತದೆ ಎನ್ನುವುದು ಲೇಬಲ್. ಅದು ವಾಸ್ತವ, ನಾಳೆ ಬದಲಾಗುವುದಿಲ್ಲ. ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ಮಾರ್ಕ್ಸ್. ಅದು ಇವತ್ತಿನ ಸುದ್ದಿಯನ್ನು ತಲೆಯಲ್ಲಿಟ್ಟುಕೊಂಡು ಕೊಟ್ಟ ಅಭಿಪ್ರಾಯ, ಸುದ್ದಿ ತಿರುಗಿದರೆ ಅದೂ ತಿರುಗುತ್ತದೆ. ನಾನು ಹೋದದ್ದು ರಿಪೇರಿಯ ಸುದ್ದಿಗೆ. ಆದದ್ದು ನೀರು ಹಂಚುವ ಕೆಲಸವೇ ಇಲ್ಲವಾದ ಮನುಷ್ಯನ ಸುದ್ದಿ. ಲೇಬಲ್ ಇದ್ದಿದ್ದರೆ NG ಬರೆದಿದ್ದರೂ ಆ ಮಾತು ಕಣ್ಣಿಗೆ ಬೀಳುತ್ತಿತ್ತು.

ಅದೇ ಫೂಟೇಜನ್ನು ಮತ್ತೆ ಕೂತು ಲಾಗ್ ಮಾಡಿದೆ. 71 ಕ್ಲಿಪ್ಪು, ಒಟ್ಟು 94 ನಿಮಿಷ. ಅದರಲ್ಲಿ ಮಾತಿನ ಕ್ಲಿಪ್ಪು 19, ಅವು 38 ನಿಮಿಷ. ಇವನ್ನು ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದೆ. ಉಳಿದ 52 ಕ್ಲಿಪ್ಪು ಏರಿ, ತೂಬು, ಗದ್ದೆ, ಕೈಕಾಲಿನ ದೃಶ್ಯಗಳು. ಅವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ನೋಡಿದೆ. ಬರೆಯುವುದೂ ಸೇರಿ ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಮೊದಲ ಸುತ್ತಿನಲ್ಲಿ ಒಂದೂ ಮಾರ್ಕ್ಸ್ ಹಾಕಲಿಲ್ಲ, ಲೇಬಲ್ ಮಾತ್ರ ಬರೆದೆ. ಒಂದು ಸಾಲು ಹೀಗಿತ್ತು:

C0023, 1:12ರಿಂದ 1:24, ನೀರಗಂಟಿ ತಾತ, "ನಮ್ಮಪ್ಪ ತೂಬು ಎತ್ತಿದ್ರೆ", ಟ್ರ್ಯಾಕ್ಟರ್ ದೂರ ಹೋಗಿದೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಬರೆದದ್ದು ಇಡೀ ಕ್ಲಿಪ್ಪಿಗಲ್ಲ, ಆ ಹನ್ನೆರಡು ಸೆಕೆಂಡಿಗೆ. ಎರಡು ನಿಮಿಷದ ಕ್ಲಿಪ್ಪಿಗೆಲ್ಲ ಒಂದೇ ಗುರುತು ಹಾಕಿದರೆ ಕೆಟ್ಟ ಮೂವತ್ತು ಸೆಕೆಂಡು ಒಳ್ಳೆಯ ಹನ್ನೆರಡು ಸೆಕೆಂಡನ್ನು ನುಂಗಿಬಿಡುತ್ತದೆ. ಇನ್ನೊಂದು, "ತಾತನ ಬೈಟ್, ಚೆನ್ನಾಗಿದೆ" ಎಂದು ಬರೆಯಲಿಲ್ಲ, ಅವರ ಮಾತಿನ ಮೊದಲ ಮೂರು ಪದವನ್ನೇ ಬರೆದೆ. ಮೂರು ತಿಂಗಳ ಮೇಲೆ ಪಟ್ಟಿ ತೆಗೆದರೂ ಆ ಪದ ಓದಿದ ಕೂಡಲೇ ಧ್ವನಿ ಕಿವಿಯಲ್ಲಿ ಬರುತ್ತದೆ.

ಎರಡನೇ ಸುತ್ತಿನಲ್ಲಿ ಪಟ್ಟಿ ಓದುತ್ತಾ ಮಾರ್ಕ್ಸ್. ಐದು ನಕ್ಷತ್ರದ ಲೆಕ್ಕ ನಾನು ಬಿಟ್ಟಿದ್ದೇನೆ. ಮೂರಕ್ಕೂ ನಾಲ್ಕಕ್ಕೂ ಏನು ವ್ಯತ್ಯಾಸ ಎಂದು ಯೋಚಿಸುವುದರಲ್ಲೇ ಹೊತ್ತು ಹೋಗುತ್ತದೆ, ಕೊನೆಗೆ ಅರ್ಧ ಫೂಟೇಜಿಗೆ ನಾಲ್ಕು ನಕ್ಷತ್ರ ಬಿದ್ದಿರುತ್ತದೆ. ಮೂರು ದರ್ಜೆ ಸಾಕು. "ಎ" ಎಂದರೆ ಇದಿಲ್ಲದೆ ಸುದ್ದಿ ನಿಲ್ಲುವುದಿಲ್ಲ. "ಬಿ" ಎಂದರೆ ಜಾಗ ತುಂಬಲು ಬೇಕಾಗಬಹುದು. ಉಳಿದದ್ದಕ್ಕೆ ಏನೂ ಇಲ್ಲ. ಮೂರು ನಿಮಿಷದ ಸುದ್ದಿಗೆ ನನ್ನ "ಎ" ಎಂಟು ತುಣುಕು, ಸುಮಾರು ಐದು ನಿಮಿಷ. "ಎ" ಇಪ್ಪತ್ತು ನಿಮಿಷ ಬಂತು ಅಂದರೆ ನೀವು ಆರಿಸಿಲ್ಲ, ಎಲ್ಲರಿಗೂ ಪಾಸ್ ಮಾಡಿದ್ದೀರಿ ಎಂದರ್ಥ.

ಇಲ್ಲಿ ಒಂದು ಮೋಸ ಇದೆ, ನಾನೂ ಅದಕ್ಕೆ ಬಿದ್ದಿದ್ದೇನೆ. ಕಷ್ಟಪಟ್ಟು ತೆಗೆದ ಶಾಟಿಗೆ ಕೈ ತಾನಾಗಿ "ಎ" ಹಾಕುತ್ತದೆ. ತೂಬಿನ ಬಾಯಿ ತೋರಿಸಲು ಮೊಣಕಾಲುದ್ದ ಕೆಸರಿಗೆ ಇಳಿದಿದ್ದೆ. ಪರದೆಯ ಮೇಲೆ ಅದು ಬರೀ ಕತ್ತಲೆ. ನೋಡುವವರಿಗೆ ನಮ್ಮ ಕೆಸರು ಕಾಣುವುದಿಲ್ಲ. ಅದಕ್ಕೇ ಮಾರ್ಕ್ಸ್ ಹಾಕುವುದನ್ನು ಜಾಗದಲ್ಲಿ ಮಾಡಬೇಡಿ, ಮನೆಗೆ ಬಂದು ಊಟ ಮಾಡಿ ಕೂತು ಮಾಡಿ. ಲೇಬಲ್ ಮಾತ್ರ ಅದೇ ದಿನ ಮುಗಿಯಬೇಕು, ಮಾರನೇ ದಿನಕ್ಕೆ ಹೆಸರೂ ಜಾಗವೂ ಕಲೆಸಿಹೋಗುತ್ತವೆ.

"ಬೇಡ" ಅನಿಸಿದ್ದನ್ನು ಅಳಿಸಲೂ ಬೇಡಿ. ರೀಲಿನ ಕಾಲದಲ್ಲಿ ಪ್ರಿಂಟ್ ಹಾಕಿಸುವುದು ದುಬಾರಿಯಾಗಿದ್ದರಿಂದ, ಕ್ಯಾಮೆರಾ ವರದಿಯಲ್ಲಿ ಒಳ್ಳೆಯ ಟೇಕಿನ ನಂಬರಿಗೆ ಸುತ್ತು ಹಾಕಿ ಅದನ್ನಷ್ಟೇ ಲ್ಯಾಬಿನಲ್ಲಿ ಪ್ರಿಂಟ್ ಮಾಡಿಸುತ್ತಿದ್ದರು. ಆದರೆ ಸುತ್ತು ಹಾಕದ್ದರ ನೆಗೆಟಿವ್ ಎಸೆಯುತ್ತಿರಲಿಲ್ಲ. ನನ್ನ C0023 ಕೂಡ ಹಾಗೇ ಉಳಿದಿದ್ದರಿಂದ ಸಿಕ್ಕಿತು.

ಫೋನಿನಲ್ಲಿ ಶೂಟ್ ಮಾಡುವವರಿಗೂ ಇದು ಆಗುತ್ತದೆ. ಗ್ಯಾಲರಿಯ ನಕ್ಷತ್ರವನ್ನೋ ಹೃದಯವನ್ನೋ "ಎ" ಎಂದು ಇಟ್ಟುಕೊಳ್ಳಿ, ಲೇಬಲ್ ನೋಟ್‌ಬುಕ್ಕಿನಲ್ಲಿರಲಿ. ಕಂಪ್ಯೂಟರಿನಲ್ಲಿ ಎಡಿಟ್ ಮಾಡುವವರಿಗೆ ಉಚಿತ ಡಾವಿಂಚಿ ರಿಸಾಲ್ವ್‌ನಲ್ಲಿ Good Take ಎಂಬ ಗುರುತೂ, Keywords ಎಂಬ ಖಾನೆಯೂ ಬೇರೆ ಬೇರೆ ಇವೆ. ಒಂದು ಮಾರ್ಕ್ಸಿಗೆ, ಇನ್ನೊಂದು ಲೇಬಲ್ಲಿಗೆ. ಎಡಿಟಿಂಗ್ ಶುರುವಾದ ಮೇಲೆ ಫೈಲಿನ ಹೆಸರು ಮಾತ್ರ ಬದಲಿಸಬೇಡಿ, ಪ್ರಾಜೆಕ್ಟಿನಲ್ಲಿ ಕ್ಲಿಪ್ ಕಾಣೆಯಾಗುತ್ತದೆ. ಡೆಸ್ಕಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಹೆಸರೂ ಬದಲಾಗುತ್ತದೆ, ನಿಮ್ಮ ಪಟ್ಟಿಗೆ ಅರ್ಥವೇ ಇರುವುದಿಲ್ಲ.

ಸುದ್ದಿಗೆ ಇಷ್ಟು ಅಂತ ಕೊಡುವ ಕೆಲಸದಲ್ಲಿ ಒಂದು ಗಂಟೆ ನಲವತ್ತು ನಿಮಿಷ ಎಲ್ಲಿಂದ ತರೋಣ ಎಂದು ಗೆಳೆಯರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಮೊದಲ ಸಲ ಲಾಗ್ ಮಾಡದೆ ಜೋಡಿಸಲು ನನಗೆ ನಾಲ್ಕು ಗಂಟೆ ಹಿಡಿದಿತ್ತು, ಅದರಲ್ಲಿ ಹೆಚ್ಚಿನದು ಹುಡುಕಾಟ. ಪಟ್ಟಿ ಇಟ್ಟುಕೊಂಡು ಎರಡನೇ ಸಲ ಜೋಡಿಸಿದಾಗ ಒಂದು ಗಂಟೆ ಸಾಕಾಯಿತು. ಫೂಟೇಜ್ ಆಗಲೇ ಪರಿಚಯವಿತ್ತು ಎಂದು ಸ್ವಲ್ಪ ಕಳೆದರೂ ಲೆಕ್ಕ ಲಾಭದಲ್ಲೇ ಇದೆ. ಹೊತ್ತೇ ಇಲ್ಲದ ದಿನ ಮಾರ್ಕ್ಸ್ ಬಿಡಿ, ದೃಶ್ಯಗಳನ್ನೂ ಬಿಡಿ. ಜನರ ಮಾತಿಗೆ ಮಾತ್ರ ಲೇಬಲ್ ಬರೆಯಿರಿ.

ತಾತನ ಆ ಹನ್ನೆರಡು ಸೆಕೆಂಡು ತೂಬಿನ ಎರಡನೇ ಸುದ್ದಿಯಲ್ಲಿ ಮೊದಲಿಗೇ ಬಂತು. ಅದಕ್ಕೆ ತಿಂಗಳಾಗಿತ್ತು. ಅಷ್ಟರಲ್ಲಿ ಕೆರೆ ಅರ್ಧ ಖಾಲಿಯಾಗಿತ್ತು.